ಸಾಂಬಾರ್‌ನಲ್ಲಿ ಹುಳ ಅಂತ ವಿಡಿಯೊ ವೈರಲ್ ಆದರೆ

ಹೋಟೆಲ್ ನಡೆಸುವ ಗೆಳೆಯರಿಗೆ ಒಂದು ಮಾತು. ಇಂಥ ವಿಡಿಯೊ ಬಂದ ತಕ್ಷಣ ಉತ್ತರ ಬರೆಯಲು ಕೂರಬೇಡಿ. ಮೊದಲು ಆ ಹೊತ್ತಿನ ಬಿಲ್ ಹುಡುಕಿ, ಸಿಸಿಟಿವಿ ದೃಶ್ಯ ಬೇರೆ ಕಡೆ ಉಳಿಸಿಕೊಳ್ಳಿ. ಕೆಲವು ದಿನ ಬಿಟ್ಟರೆ ಅದು ತಾನಾಗಿಯೇ ಅಳಿಸಿಹೋಗುತ್ತದೆ. ಅಡುಗೆಮನೆಯಲ್ಲಿ ಬೇಳೆ, ಸೊಪ್ಪು, ತರಕಾರಿ ಎಲ್ಲವನ್ನೂ ನೀವೇ ನಿಂತು ನೋಡಿ.

ಆಮೇಲೆ ಅದೇ ದಿನ ವಿಡಿಯೊದ ಕೆಳಗೆ ಮತ್ತು ಗೂಗಲ್ ರಿವ್ಯೂನಲ್ಲಿ ನಾಲ್ಕು ಸಾಲು ಸಾಕು: "ನಿಮಗಾದ ತೊಂದರೆಗೆ ಕ್ಷಮೆ ಇರಲಿ. ಆ ಸಾಂಬಾರ್ ಕೊಡುವುದನ್ನು ನಿಲ್ಲಿಸಿದ್ದೇವೆ. ಸೊಪ್ಪು ತೊಳೆಯುವ ಜಾಗ ಪರಿಶೀಲಿಸುತ್ತಿದ್ದೇವೆ, ತಿಳಿದದ್ದನ್ನು ಇಲ್ಲೇ ಬರೆಯುತ್ತೇವೆ. ಮಾಲೀಕರ ನಂಬರ್ ಮೆಸೇಜ್‌ನಲ್ಲಿ ಕಳಿಸಿದ್ದೇವೆ." ಮಾಡಿದ್ದನ್ನು ಮಾತ್ರ ಬರೆಯಿರಿ. ಈ ಉತ್ತರ ಓದುವವರು ಜಾಸ್ತಿ ಜನ ಮುಂದೆ ಬರಬೇಕಾದ ಗಿರಾಕಿಗಳು, ಅಲ್ವಾ? "ನಮ್ಮದು ಮೂವತ್ತು ವರ್ಷದ ಹೋಟೆಲ್" ಅನ್ನುವ ವಾದ ಅವರಿಗೆ ಬೇಡ.

ವಿಡಿಯೊ ಹಾಕಿದವರ ಜೊತೆ ಖಾಸಗಿಯಾಗಿ ಮಾತಾಡುವಾಗ ಆರೋಗ್ಯ ಹೇಗಿದೆ ಎಂದು ಮೊದಲು ಕೇಳಿ. ಬಿಲ್ ಹಣ ವಾಪಸ್ ಕೊಡಿ. ಆದರೆ "ರಿವ್ಯೂ ತೆಗೆದರೆ ಕೊಡುತ್ತೇವೆ" ಎಂದು ಮಾತ್ರ ಹೇಳಬೇಡಿ. ಅದು ಗೂಗಲ್ ನಿಯಮಕ್ಕೂ ವಿರುದ್ಧ, ಸ್ಕ್ರೀನ್‌ಶಾಟ್ ಹೊರಬಂದರೆ ಎರಡನೇ ಸಲ ವೈರಲ್ ಆಗುತ್ತೀರಿ. ಪೊಲೀಸ್, ವಕೀಲ ಅಂತ ಹೆದರಿಸುವುದೂ ಹಾಗೆಯೇ.

ವಿಡಿಯೊ ಸುಳ್ಳು ಎಂದು ಸಿಸಿಟಿವಿ ದೃಶ್ಯದಲ್ಲಿ ಸ್ಪಷ್ಟವಾಗಿದ್ದರೂ ಗಿರಾಕಿಯ ಮುಖ ಗ್ರೂಪ್‌ಗಳಿಗೆ ಹಾಕಬೇಡಿ. ಅವರಿಗೇ ತೋರಿಸಿ, ತಿದ್ದಲು ಕೇಳಿ. ಒಪ್ಪದಿದ್ದರೆ ಆಗ ವಕೀಲರ ಬಳಿ ಹೋಗಿ.