ಎತ್ತು ಕೊಂಡಿತು, ನವಿಲು ಉಳಿಯಿತು: ಎರಡು ಅಕ್ಕಿ ಬ್ರ್ಯಾಂಡ್ ಒಂದು ಮಾಡಿದ ಅನುಭವ

ಕಾರಟಗಿಯ ನಮ್ಮ ಮಿಲ್ಲಿನ ಹೆಸರು ಬೇಡ, ನಾವು ಕೊಂಡ ಸಿಂಧನೂರು ಕಡೆಯ ಮಿಲ್ಲಿನ ಹೆಸರೂ ಬೇಡ. ಚೀಲದ ಮೇಲಿನ ಚಿತ್ರ ಹಿಡಿದೇ ಹೇಳುತ್ತೇನೆ. ನಮ್ಮದು ಎತ್ತು, ಹಸಿರು ಚೀಲ. ಅವರದು ನವಿಲು, ನೀಲಿ ಚೀಲ. ಎರಡರಲ್ಲೂ ಸೋನಾ ಮಸೂರಿಯೇ. ನಾವು ತಿಂಗಳಿಗೆ ಸುಮಾರು 4,500 ಚೀಲ ಮಾರುತ್ತಿದ್ದೆವು, ಅವರು 2,500. ಮಕ್ಕಳು ಬೆಂಗಳೂರು ಸೇರಿದ ಮೇಲೆ ಅವರು ಮಾರಲು ಮುಂದಾದರು. ಯಂತ್ರ, ಗೋದಾಮು ಬಿಟ್ಟು ಬರೀ ಹೆಸರಿಗೆ ನಾನು 18 ಲಕ್ಷ ಕೊಟ್ಟೆ. ಗೊತ್ತಿದ್ದ ಮಿಲ್ಲಿನವರೆಲ್ಲ ನಕ್ಕರು. "ನವಿಲಿನ ಚಿತ್ರಕ್ಕ ಇಷ್ಟು ರೊಕ್ಕ ಯಾರ್ ಕೊಡ್ತಾರೋ ತಮ್ಮಾ" ಅಂತ ಒಬ್ಬ ಹಿರಿಯರು ಎಲ್ಲರ ಎದುರೇ ಕೇಳಿದರು.

ಮೊದಲ ಮೂರು ತಿಂಗಳು ಅವರ ಮಾತೇ ನಿಜವಾಯಿತು. ಕೊಂಡವರು ನಾವು, ಹಾಗಾಗಿ ಹೆಸರೂ ನಮ್ಮದೇ ಇರಬೇಕು ಅಂತ ನಾನು ಯೋಚನೆ ಮಾಡದೆ ತೀರ್ಮಾನಿಸಿದ್ದೆ. ಹಸಿರು ಚೀಲದ ಮೇಲೆ "ನವಿಲು ಈಗ ಎತ್ತು" ಅಂತ ಪಟ್ಟಿ ಹಾಕಿಸಿ 20,000 ಬಿಒಪಿಪಿ ಚೀಲ ಪ್ರಿಂಟ್ ಮಾಡಿಸಿದೆ. ಒಂದಕ್ಕೆ 17 ರೂಪಾಯಿ, ಹೊಸ ಪ್ರಿಂಟಿಂಗ್ ಸಿಲಿಂಡರ್ ಖರ್ಚು ಬೇರೆ. ನವಿಲಿನ 2,500 ಚೀಲ 1,100ಕ್ಕೆ ಇಳಿಯಿತು. ಹಳೆ ಮಿಲ್ ಮುಚ್ಚಿದೆ, ಮಾಲು ಬದಲಾಗಿದೆ ಅಂತ ಬೇರೆ ಕಂಪನಿಯ ಹುಡುಗರು ಅಂಗಡಿ ಅಂಗಡಿಗೆ ಹೇಳುತ್ತಾ ಹೋದರು. ಅವರಿಗೆ ಆ ಮಾತನ್ನು ಚೀಲದ ಮೇಲೆ ಬರೆದು ಕೊಟ್ಟವನು ನಾನೇ.

ಲಿಂಗಸುಗೂರಿನ ಒಬ್ಬ ಕಿರಾಣಿ ಅಂಗಡಿಯವರು ಕಣ್ಣು ತೆರೆಸಿದರು. "ಹೆಸರು ಯಾರ್ ಕೇಳ್ತಾರ್ರೀ ಸಾವ್ಕಾರ್ರ? ನೀಲಿ ಚೀಲ ಕೊಡ್ರಿ ಅಂತಾರ, ಅಷ್ಟ." ಆಗ ಎಂಟು ಅಂಗಡಿ ಆರಿಸಿ ಒಂದು ಪರೀಕ್ಷೆ ಮಾಡಿದೆ. ನಾಲ್ಕು ಕಡೆ ನೀಲಿ ಚೀಲದಲ್ಲಿ ನಮ್ಮ ಅಕ್ಕಿ, ಇನ್ನು ನಾಲ್ಕು ಕಡೆ ಹಸಿರು ಚೀಲದಲ್ಲಿ ಅವರ ಅಕ್ಕಿ. ಎರಡೂ ಈಗ ನಮ್ಮದೇ ಮಾಲು. ತಳಿ, ತೂಕ, ಪ್ಯಾಕ್ ಮಾಡಿದವರ ವಿಳಾಸ ಎಲ್ಲ ಸರಿಯಾಗೇ ಬರೆಸಿದ್ದೆ.

ಮೊದಲ ತಿಂಗಳು ನೀಲಿ ಚೀಲ ಎಂದಿನಂತೆ ಹೋಯಿತು, ಹಸಿರು ಅಲುಗಲಿಲ್ಲ. ಎರಡನೇ ತಿಂಗಳು ಕಥೆ ತಿರುಗಿತು. ನೀಲಿ ಕೊಂಡವರು "ಅನ್ನ ಮುದ್ದಿ ಆಗ್ತದ" ಅಂತ ವಾಪಸ್ ತಂದರು. ಹಸಿರು ಕೊಂಡವರು ಕೆಲವೇ ಮನೆಯವರಾದರೂ ಮತ್ತೆ ಅದನ್ನೇ ಕೇಳಿದರು.

ಕಾರಣ ಹೆಸರಲ್ಲಿ ಇರಲಿಲ್ಲ, ನೀರಿನ ಅಳತೆಯಲ್ಲಿತ್ತು. ನವಿಲಿನವರು ಭತ್ತವನ್ನು ಸುಮಾರು ಒಂದು ವರ್ಷ ಕೂಡಿಟ್ಟು ಮಿಲ್ ಮಾಡುತ್ತಿದ್ದರು. ನಮ್ಮದು ಐದಾರು ತಿಂಗಳಿನ ಮಾಲು. ಹಳೆ ಅಕ್ಕಿ ನೀರು ಜಾಸ್ತಿ ಕುಡಿಯುತ್ತೆ, ಅನ್ನ ಉದುರಾಗುತ್ತೆ. ಅವರ ಗಿರಾಕಿಗಳ ಕೈ ಒಂದು ಲೋಟಕ್ಕೆ ಎರಡೂವರೆ ಲೋಟ ನೀರಿಗೆ ಪಳಗಿತ್ತು. ಅದೇ ನೀರು ನಮ್ಮ ಅಕ್ಕಿಗೆ ಹಾಕಿದರೆ ಮುದ್ದೆಯೇ ಆಗಬೇಕು, ಅಲ್ವಾ? ಚೀಲ ಒಂದು ಸಲ ಮಾರಿಸುತ್ತೆ, ಎರಡನೇ ಸಲ ಮಾರಿಸುವುದು ಅನ್ನ. ಹಾಗಾಗಿ ನೀಲಿ ಚೀಲ ಮತ್ತು ಹಳೆ ಅಕ್ಕಿಯನ್ನು ಬೇರೆ ಮಾಡುವ ಹಾಗೇ ಇಲ್ಲ ಅಂತ ಗೊತ್ತಾಯಿತು.

ಮನೆಗೆ ಹೋಗುವ ಅಕ್ಕಿಗೆ ನವಿಲೊಂದೇ ಇರಲಿ, ಎತ್ತು ಖಾನಾವಳಿ, ಹೋಟೆಲ್ ಕಡೆ ಹೋಗುವ ಸ್ಟೀಮ್ ಅಕ್ಕಿಗೆ ಮಾತ್ರ ಇರಲಿ ಅಂತ ತೀರ್ಮಾನಿಸಿದೆ. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಎತ್ತು ಅಜ್ಜ ಇಟ್ಟ ಗುರುತು.

ನಮ್ಮ ಹಸಿರು ಚೀಲದ ಗಿರಾಕಿಗಳನ್ನು ನವಿಲಿಗೆ ತರುವುದು ಇದರ ಉಲ್ಟಾ ಕೆಲಸ. ಅವರ ಕೈ ಎರಡು ಲೋಟ ನೀರಿನದು. ಏಕಾಏಕಿ ವರ್ಷದ ಅಕ್ಕಿ ಕೊಟ್ಟರೆ ಅನ್ನ ಗಟ್ಟಿಯಾಗುತ್ತೆ. ಆ ಊರುಗಳಿಗೆ ಹೋಗುವ ನವಿಲಿನಲ್ಲಿ ಹಳೆ ಭತ್ತದ ಪಾಲನ್ನು ಏಳು ತಿಂಗಳಲ್ಲಿ ಮೆಲ್ಲಗೆ ಏರಿಸುತ್ತಾ ಹೋದೆ. ಎಷ್ಟೆಷ್ಟು ಏರಿಸಿದೆ, ಪಾಲಿಶ್ ಎಲ್ಲಿ ನಿಲ್ಲಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಮೊದಲ ಎರಡು ಲಾಟ್ ಚೀಲದಲ್ಲಿ ಮೂಲೆಗೊಂದು ಪುಟ್ಟ ಎತ್ತು ಹಾಕಿಸಿದ್ದೆ, ಆಮೇಲೆ ತೆಗೆಸಿದೆ. ಭತ್ತ ಆರು ತಿಂಗಳು ಜಾಸ್ತಿ ಇಡಲು ಬಡ್ಡಿ, ಒಣಗಿ ಇಳಿಯುವ ತೂಕ ಸೇರಿ ಕೆಜಿ ಅಕ್ಕಿಗೆ ಎರಡೂವರೆ ರೂಪಾಯಿ ಬೀಳುತ್ತೆ. ಈ ಲೆಕ್ಕ ಮೊದಲೇ ಹಾಕಿದ್ದರೆ ಹೆಸರಿಗೆ 18ರ ಬದಲು 14 ಲಕ್ಷಕ್ಕೆ ಚೌಕಾಸಿ ಮಾಡುತ್ತಿದ್ದೆ.

ತೂಕದಲ್ಲಿ ಮಾತ್ರ ನಮ್ಮ ಪದ್ಧತಿ ಉಳಿಯಿತು. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂತಲ್ಲ, ಆಗಲೇ ನಾವು 26 ಕೆಜಿಗೆ ಹೋಗಿದ್ದೆವು. ನವಿಲಿನವರು ಗಿರಾಕಿ ಬಿಟ್ಟು ಹೋಗುತ್ತಾರೆ ಅಂತ ಹೆದರಿ 25ರಲ್ಲೇ ಉಳಿದಿದ್ದರು. ಕೆಜಿಗೆ 52 ರೂಪಾಯಿ ಹಿಡಿಯಿರಿ. 25 ಕೆಜಿಗೆ 1,300, ಟ್ಯಾಕ್ಸ್ ಸೇರಿ 1,365. 26 ಕೆಜಿಗೆ ಟ್ಯಾಕ್ಸ್ ಇಲ್ಲ, 1,352. ಒಂದು ಕೆಜಿ ಜಾಸ್ತಿ ಕೊಟ್ಟೂ ಚೀಲ 13 ರೂಪಾಯಿ ಅಗ್ಗ. ಖಾಲಿ ಚೀಲದ ಮೇಲೆ ಕೊಟ್ಟ ಜಿಎಸ್‌ಟಿ ಆಗ ವಾಪಸ್ ಸಿಗಲ್ಲ, ಆದರೂ ಪರವಾಗಿಲ್ಲ. ಒಬ್ಬರೂ ತಕರಾರು ಮಾಡಲಿಲ್ಲ.

ದಾರದ ವಿಷಯ ಮಾತ್ರ ನನಗೆ ಹೊಳೆದೇ ಇರಲಿಲ್ಲ. ನವಿಲಿನ ಚೀಲಕ್ಕೆ ಕೆಂಪು ದಾರದ ಹೊಲಿಗೆ. ನಮ್ಮ ಮಿಲ್ಲಿನಲ್ಲಿ ಬಿಳಿ ದಾರ. ಬಿಳಿ ಹೊಲಿಗೆಯ ಮೊದಲ ಲೋಡ್ ಮಾನ್ವಿಗೆ ಹೋದಾಗ ಮೂರು ಅಂಗಡಿಯವರು ಡೂಪ್ಲಿಕೇಟ್ ಅಂತ ಇಳಿಸಿಕೊಳ್ಳಲೇ ಇಲ್ಲ. ಖಾಲಿ ಚೀಲಕ್ಕೆ ಬೇರೆ ಅಕ್ಕಿ ತುಂಬಿ ಮಾರುವವರು ನಮ್ಮ ಕಡೆ ಕಡಿಮೆಯೇನಿಲ್ಲ, ಅಂಗಡಿಯವರು ಅಸಲಿ ಮಾಲನ್ನು ದಾರ ನೋಡಿಯೇ ಗುರುತಿಸುತ್ತಿದ್ದರು. ಲಾರಿ ಬಾಡಿಗೆ ಕೈಬಿಟ್ಟಿತು, ಮರುದಿನವೇ ಕೆಂಪು ದಾರ ತರಿಸಿದೆ. ನಡುವೆ ಜಿಪ್ ಮತ್ತು ಹಿಡಿ ಇರುವ ಚೀಲವನ್ನೂ ಒಂದು ಲಾಟ್ ಮಾಡಿ ನೋಡಿದೆ, ಮೂರು ರೂಪಾಯಿ ಜಾಸ್ತಿ. ಮನೆಯವರಿಗೆ ಸಂತೆಗೆ ಒಯ್ಯಲು ಬಲು ಇಷ್ಟವಾಯಿತು. ಹರಿಯದೆ ತೆರೆಯುವ ಚೀಲ ಡೂಪ್ಲಿಕೇಟ್‌ನವರಿಗೆ ಇನ್ನೂ ಇಷ್ಟವಾಯಿತು. ನಿಲ್ಲಿಸಿದೆ.

ಕಾಗದಪತ್ರದಲ್ಲಿ ಎರಡು ಕಡೆ ಏಟು ತಿಂದೆ. ಟ್ರೇಡ್‌ಮಾರ್ಕನ್ನು ಗುಡ್‌ವಿಲ್ ಸಮೇತ ಬರೆಸಿಕೊಂಡು, ರಿಜಿಸ್ಟರಿನಲ್ಲಿ ನನ್ನ ಹೆಸರಿಗೆ ಮಾಡಿಸಲು ಟಿಎಂ-ಪಿ ಫಾರ್ಮ್ ಹಾಕಿದ್ದೆ, ಅದು ಸರಿಯಾಗೇ ಇತ್ತು. ಆದರೆ ನವಿಲಿನ ಸಿಲಿಂಡರ್‌ಗಳು ಚೀಲ ಪ್ರಿಂಟ್ ಮಾಡುವವರ ಹತ್ತಿರ ಇದ್ದವು, ಹಳೆ ಮಾಲೀಕರು ಅಲ್ಲಿ ಎರಡು ಲಕ್ಷದ ಹತ್ತಿರ ಬಾಕಿ ಇಟ್ಟಿದ್ದರು. ಅದನ್ನು ನಾನೇ ತೀರಿಸಬೇಕಾಯಿತು. ಇನ್ನೊಂದು, ಚೀಲದ ಮೇಲೆ ವರ್ಷಗಟ್ಟಲೆ ಇದ್ದ ಮೊಬೈಲ್ ನಂಬರ್. ಆರ್ಡರ್ ಎಲ್ಲ ಅದಕ್ಕೇ ಬರುತ್ತಿತ್ತು, ಕರಾರಿನಲ್ಲಿ ಅದರ ಮಾತೇ ಇರಲಿಲ್ಲ. ಆ ಸಿಮ್ ನನ್ನ ಹೆಸರಿಗೆ ಆಗಲು ಐದು ತಿಂಗಳು ಹಿಡಿಯಿತು, ಅಷ್ಟರಲ್ಲಿ ಹತ್ತು ಹನ್ನೆರಡು ಅಂಗಡಿ ಕೈಬಿಟ್ಟವು. ನೀವು ಕೊಳ್ಳುವುದಾದರೆ ಮೊದಲು ಸಿಮ್ ಕೇಳಿ, ಆಮೇಲೆ ಸಿಲಿಂಡರ್ ಕೇಳಿ.

ಹದಿನಾಲ್ಕು ತಿಂಗಳಾದ ಮೇಲೆ ಎರಡೂ ಸೇರಿ ತಿಂಗಳಿಗೆ 7,600 ಚೀಲದ ಆಸುಪಾಸಿನಲ್ಲಿದೆ. ಅದರಲ್ಲಿ ಎತ್ತಿನ ಸ್ಟೀಮ್ 1,200. ಎತ್ತನ್ನು ಪೂರ್ತಿ ನಿಲ್ಲಿಸಬಾರದು ಅನ್ನುವುದಕ್ಕೆ ಅಪ್ಪನ ಮುಖ ಒಂದೇ ಕಾರಣವಲ್ಲ. ಐದು ವರ್ಷ ಬಳಸದ ಮಾರ್ಕನ್ನು ರಿಜಿಸ್ಟರಿನಿಂದ ತೆಗೆಸಲು ಬೇರೆಯವರು ಅರ್ಜಿ ಹಾಕಬಹುದು, ಅದಕ್ಕೇ ಅದರ ಬಿಲ್ಲುಗಳನ್ನು ಬೇರೆ ಫೈಲಿನಲ್ಲಿ ಇಡುತ್ತೇನೆ.

ಆ ನಕ್ಕ ಹಿರಿಯರು ಈಗ ಗಂಗಾವತಿಯಲ್ಲಿ ಒಂದು ಮಿಲ್ ನೋಡುತ್ತಿದ್ದಾರಂತೆ. ಮೊನ್ನೆ ಫೋನ್ ಮಾಡಿ ಹೆಸರಿಗೆ ಎಷ್ಟು ಕೊಡಬಹುದು ಅಂತ ಕೇಳಿದರು.

"ನವಿಲು ಈಗ ಎತ್ತು" ಅಂತ ಪ್ರಿಂಟ್ ಆದ ಹಸಿರು ಚೀಲ ಇನ್ನೂ 11,000 ಗೋದಾಮಿನಲ್ಲಿವೆ. ಹಾಗೇ ಗುಜರಿಗೆ ಹಾಕಿದರೆ ಡೂಪ್ಲಿಕೇಟ್‌ನವರ ಕೈ ಸೇರುತ್ತವೆ. ಕತ್ತರಿಸಿಯೇ ಕೊಡಬೇಕು. ಕತ್ತರಿಸುವ ಕೂಲಿ ಗುಜರಿಯವನು ಕೊಡುವ ದುಡ್ಡಿಗಿಂತ ಜಾಸ್ತಿ ಆಗುತ್ತಿದೆ.