ವಾಟ್ಸ್ಆ್ಯಪ್ ವಿಡಿಯೊ ಕಾಲ್‌ಗೆ ಕನ್ನಡ ಕ್ಯಾಪ್ಷನ್: ಎರಡು ಫೋನ್ ಇಟ್ಟು ಹೊಂದಿಸುವುದು

ದಾವಣಗೆರೆಯಲ್ಲಿ ಕಿವಿ ಮಂದವಾದ ಹಿರಿಯರಿಗೆ ನಾನು ಹೆಚ್ಚಾಗಿ ಹಾಕಿಕೊಡುವುದು ಗೂಗಲ್‌ನ Live Transcribe. ಆಂಡ್ರಾಯ್ಡ್ ಫೋನಿಗೆ ಉಚಿತ, ಕನ್ನಡ ಕೇಳಿಸಿಕೊಂಡು ಕನ್ನಡದಲ್ಲೇ ಬರೆಯುತ್ತದೆ. ಎದುರಿಗೆ ಕೂತು ಮಾತಾಡುವವರ ಮಾತಿಗೆ ಇದು ಸಲೀಸು. ತೊಡಕೆಲ್ಲ ಊರಾಚೆ ಇರುವ ಮಕ್ಕಳ ವಾಟ್ಸ್ಆ್ಯಪ್ ಕಾಲ್ ಬಂದಾಗ.

ಕಾಲ್ ಬಂದ ಫೋನಿನಲ್ಲೇ ಆ್ಯಪ್ ತೆರೆದರೆ ಪರದೆ ಖಾಲಿ ಉಳಿಯುತ್ತದೆ. ಆ್ಯಪ್ ಕೆಟ್ಟಿದೆ ಅಂತ ಅಳಿಸಿ ಮತ್ತೆ ಹಾಕುವವರಿದ್ದಾರೆ, ಅದರಿಂದ ಉಪಯೋಗವಿಲ್ಲ. ಕಾಲ್ ನಡೆಯುವಾಗ ಮೈಕ್ ಆ ಕಾಲ್‌ನ ಕೈಯಲ್ಲಿರುತ್ತದೆ. ಆಗ ಬೇರೆ ಆ್ಯಪ್ ಮೈಕ್ ಕೇಳಿದರೆ ಆಂಡ್ರಾಯ್ಡ್ ಬರೀ ಮೌನವನ್ನು ಕೊಡುತ್ತದೆ. ಹಾಗಾಗಿ ಎರಡನೇ ಫೋನ್ ಬೇಕೇ ಬೇಕು. ಮನೆಯಲ್ಲಿ ಮೂಲೆಗಿಟ್ಟ ಹಳೆಯ ಫೋನ್ ಸಾಕು. ಸಿಮ್ ಬೇಡ, ವೈಫೈ ಅಥವಾ ಹಾಟ್‌ಸ್ಪಾಟ್ ಇದ್ದರಾಯಿತು.

ಎರಡನೇ ಫೋನಿನಲ್ಲಿ ಆ್ಯಪ್ ಹಾಕಿ, ಮೈಕ್ ಬಳಸಲು ಅನುಮತಿ ಕೊಟ್ಟು, ಮೊದಲ ಭಾಷೆಯಾಗಿ ಕನ್ನಡ ಆರಿಸಿ. ಮಾತಿನ ನಡುವೆ ಇಂಗ್ಲಿಷ್ ಪದ ಬರುತ್ತದೆಂದು ಭಾಷೆ ಬದಲಿಸುವುದು ಬೇಡ. ‘ರಿಪೋರ್ಟ್’, ‘ಸ್ಕ್ಯಾನಿಂಗ್’ ಥರದವನ್ನು ಅದು ಕನ್ನಡ ಸಾಲಿನೊಳಗೇ ಬರೆದುಕೊಳ್ಳುತ್ತದೆ. ಅಕ್ಷರದ ಗಾತ್ರವನ್ನು ಕನ್ನಡಕ ಹಾಕಿ ಒಂದು ಮೊಳ ದೂರದಿಂದ ಓದುವಷ್ಟು ದೊಡ್ಡದು ಮಾಡಿ.

ಇನ್ನು ಫೋನ್ ಇಡುವ ರೀತಿ. ಅರ್ಧ ಫಲ ಇದರಲ್ಲೇ ಇದೆ. ಬಹಳಷ್ಟು ಫೋನ್‌ಗಳಲ್ಲಿ ಸ್ಪೀಕರೂ ಮೈಕೂ ಕೆಳಗಿನ ಅಂಚಿನಲ್ಲಿರುತ್ತವೆ. ಟೇಬಲ್ ಮೇಲೆ ದಪ್ಪ ಟವೆಲ್ ಹಾಸಿ, ಎರಡೂ ಫೋನಿನ ಕೆಳ ಅಂಚು ಒಂದಕ್ಕೊಂದು ಎದುರಾಗುವಂತೆ ಅರ್ಧ ಗೇಣು ಅಂತರದಲ್ಲಿಡಿ. ಬರೀ ಹಲಗೆಯ ಮೇಲಿಟ್ಟರೆ ಸ್ಪೀಕರಿನ ನಡುಕ ಹಲಗೆಗಿಳಿದು ಮೈಕಿಗೆ ಗುಂಯ್ ಅಂತ ಸೇರುತ್ತದೆ. ಕಾಲ್ ಸ್ಪೀಕರಿನಲ್ಲಿರಲಿ, ವಾಲ್ಯೂಮ್ ಮುಕ್ಕಾಲಿಗೆ ನಿಲ್ಲಲಿ. ಪೂರ್ತಿ ಏರಿಸಿದರೆ ಸಣ್ಣ ಸ್ಪೀಕರ್ ಒಡಕು ದನಿ ಕೊಡುತ್ತದೆ, ಮನುಷ್ಯರಿಗೆ ಅರ್ಥವಾದರೂ ಆ್ಯಪ್‌ಗೆ ಆಗುವುದಿಲ್ಲ. ದೂರ ಎರಡರಷ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಆದರೆ ತಲೆಯ ಮೇಲಿನ ಫ್ಯಾನಿನ ಸದ್ದು ಇದ್ದಷ್ಟೇ ಇರುತ್ತದೆ. ಅದಕ್ಕೇ ಅರ್ಧ ಗೇಣು ಅಂದೆ. ಮಿಕ್ಸಿ, ಟಿವಿ ನಿಲ್ಲಿಸಿ. ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಅಂತ ಹೇಳಲು ಮನಸ್ಸು ಬರುವುದಿಲ್ಲ, ವೇಗ ಇಳಿಸಿದರೂ ಸಾಕು.

ಶ್ರವಣಯಂತ್ರ ಬ್ಲೂಟೂತ್‌ನದಾಗಿದ್ದರೆ ಒಂದು ಎಚ್ಚರ. ಅದು ಕಾಲ್ ಫೋನಿಗೆ ಜೋಡಿಯಾಗಿದ್ದರೆ ದನಿಯೆಲ್ಲ ನೇರ ಯಂತ್ರಕ್ಕೆ ಹೋಗಿ ಸ್ಪೀಕರ್ ಮೌನವಾಗುತ್ತದೆ, ಪಕ್ಕದ ಫೋನಿಗೆ ಬರೆಯಲು ಏನೂ ಸಿಗುವುದಿಲ್ಲ. ಕಾಲ್ ಪರದೆಯಲ್ಲಿ ದನಿಯ ದಾರಿಯನ್ನು ಸ್ಪೀಕರಿಗೆ ಬದಲಿಸಬೇಕು.

ಬಂದ ಸಾಲನ್ನು ಓದುವುದಕ್ಕೂ ಒಂದು ಕ್ರಮವಿದೆ. ಆ್ಯಪ್ ಮೊದಲು ಊಹಿಸಿ ಬರೆದು, ಮುಂದಿನ ಪದ ಕೇಳಿದ ಮೇಲೆ ಹಿಂದಿನದನ್ನು ತಿದ್ದುತ್ತದೆ. ಓಡುವ ಅಕ್ಷರದ ಹಿಂದೆ ಕಣ್ಣು ಓಡಿಸಿದರೆ ಗಾಬರಿಯಾಗುತ್ತದೆ. ಸಾಲು ನಿಂತ ಮೇಲೆ ಓದಿ. ಆ ಕಡೆಯವರು ಒಂದು ವಾಕ್ಯ ಮುಗಿಸಿ ಉಸಿರು ತಗೊಂಡರೆ ಸಾಲು ಬೇಗ ನಿಲ್ಲುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಕಲಸಿಹೋಗುತ್ತವೆ.

ನಮ್ಮ ಕಡೆಯ ಮಾತಿನದೇ ಒಂದು ಪೇಚು ಇದೆ. ಮಗ ಪುಣೆಯಿಂದ, “ಅಪ್ಪಾಜಿ, ಮಂಗಳವಾರ ಬರಂಗಿಲ್ಲ, ಗುರುವಾರ ಏಳಕ್ಕ ಹೊಂಟು ಬರ್ತೀನಿ” ಅನ್ನುತ್ತಾನೆ ಅಂದುಕೊಳ್ಳಿ. ‘ಬರಂಗಿಲ್ಲ’, ‘ಹೊಂಟು’ ಎರಡೂ ತಪ್ಪಾಗಿ ಬೀಳುವ ಸಾಧ್ಯತೆ ಹೆಚ್ಚು. ಅದರಲ್ಲೂ ‘ಇಲ್ಲ’ ಉದುರಿದರೆ ಅರ್ಥವೇ ತಿರುಗುಮುರುಗು, ಅಪ್ಪ ಮಂಗಳವಾರ ಬಾಗಿಲು ಕಾಯುತ್ತಾರೆ. “ಮಂಗಳವಾರ ನಾನು ಬರುವುದಿಲ್ಲ. ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಹೊರಡುತ್ತೇನೆ” ಎಂದರೆ ಸರಿಯಾಗಿ ಬೀಳುವುದು ಜಾಸ್ತಿ. ಮನೆ ಮಾತು ಬಿಟ್ಟು ಪುಸ್ತಕದ ಭಾಷೆ ಆಡು ಅಂತ ಮಕ್ಕಳಿಗೆ ಹೇಳಲು ನನಗೂ ಕಸಿವಿಸಿ. ಅದಕ್ಕೆ ನಾನು ಕೇಳಿಕೊಳ್ಳುವುದು ಇಷ್ಟೇ: ದಿನ, ಗಂಟೆ, ದುಡ್ಡು, ‘ಹೌದು–ಇಲ್ಲ’ ಇವುಗಳ ಜಾಗದಲ್ಲಿ ಮಾತ್ರ ನಿಧಾನಿಸಿ, ಪದ ಬಿಡಿಸಿ ಹೇಳಿ.

ಮಾತ್ರೆಯ ಹೆಸರು, ಅಳತೆ, ಬ್ಯಾಂಕ್ ಲೆಕ್ಕ ಬಂದರೆ ಕ್ಯಾಪ್ಷನ್ ನಂಬುವುದು ಬೇಡ. ಹದಿನೈದಕ್ಕೆ ಹದಿನಾರು ಬಿದ್ದರೂ ಸಾಲು ನೋಡಲು ಸರಿಯಾಗೇ ಕಾಣುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಅಂಥದ್ದನ್ನು ಆ ಕಡೆಯವರು ಕಾಲ್ ನಡೆಯುತ್ತಿರುವಾಗಲೇ ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಲಿ, ಈ ಕಡೆಯವರು ಅದನ್ನು ಗಟ್ಟಿಯಾಗಿ ಓದಿ ಹೇಳಲಿ.

ಎಲ್ಲ ಸರಿಯಿದ್ದೂ ಪದಗಳು ತುಂಡು ತುಂಡಾಗಿ ಬಂದರೆ, ಪಕ್ಕದಲ್ಲಿರುವ ಯಾರಾದರೂ ಸ್ಪೀಕರಿಗೆ ಕಿವಿ ಕೊಡಿ. ದನಿಯೇ ಕಡಿದು ಬರುತ್ತಿದ್ದರೆ ದೋಷ ನೆಟ್‌ವರ್ಕಿನದು. ಎರಡೂ ಕಡೆ ವಿಡಿಯೊ ಆಫ್ ಮಾಡಿ ಮಾತು ಮುಂದುವರಿಸಿ. ದನಿ ಸ್ಪಷ್ಟವಾಗಿದ್ದು ಬರಹ ಮಾತ್ರ ಹಿಂದೆ ಬಿದ್ದರೆ ಎರಡನೇ ಫೋನಿನ ವೈಫೈ ನೋಡಿ.