ಚಿಪ್ಸಿಗೆ ಯಾವ ಬಾಳೆ, ಪಲ್ಯಕ್ಕೆ ಯಾವುದು

ಕಳೆದ ವಾರ ಸೊಸೆ ಪಚ್ಚಬಾಳೆ ಕಾಯಿಯಲ್ಲಿ ಚಿಪ್ಸ್ ಕರಿದಳು. ಗೊನೆ ಕಡಿದು ಐದಾರು ದಿನ ಆಗಿತ್ತು, ಸಿಪ್ಪೆ ಮಾತ್ರ ಇನ್ನೂ ಹಸಿರೇ. ಎಣ್ಣೆಗೆ ಬಿಟ್ಟ ಸ್ವಲ್ಪ ಹೊತ್ತಿಗೇ ಅಂಚೆಲ್ಲ ಕಂದಾಯಿತು, ನಡುವೆ ಮೆತ್ತಗೇ ಉಳಿಯಿತು. "ಅತ್ತೆ, ಎಣ್ಣೆ ಜಾಸ್ತಿ ಕಾದಿತ್ತಾ?" ಅಂದಳು. ಎಣ್ಣೆ ಸರಿಯಾಗೇ ಇತ್ತು. ಕಾಯಿ ಒಳಗೊಳಗೇ ಹಣ್ಣಾಗಲು ಶುರುವಾಗಿತ್ತು.

ಹಸಿ ಬಾಳೆಕಾಯಿಯ ತಿರುಳಲ್ಲಿ ನೀರು ಬಿಟ್ಟರೆ ಮುಖ್ಯವಾಗಿ ಇರುವುದು ಪಿಷ್ಟ, ನೂರು ಗ್ರಾಮಿಗೆ ಸುಮಾರು 20 ಗ್ರಾಂ. ಹಣ್ಣಾಗುತ್ತಾ ಅದೇ ಸಕ್ಕರೆಯಾಗುತ್ತದೆ. ಪಚ್ಚಬಾಳೆ, ಏಲಕ್ಕಿಬಾಳೆ ಚೆನ್ನಾಗಿ ಕಳಿತಾಗ ಪಿಷ್ಟ ಒಂದೆರಡು ಗ್ರಾಂ ಉಳಿಯಬಹುದು, ಅಷ್ಟೇ. ಸಕ್ಕರೆ ಬಿಸಿ ಎಣ್ಣೆಯಲ್ಲಿ ಬೇಗ ಕಂದಾಗುತ್ತದೆ, ಹೋಳು ಗರಿಯಾಗುವ ತನಕ ಕಾಯುವುದಿಲ್ಲ.

ಅದಕ್ಕೇ ಚಿಪ್ಸಿಗೆ ನೇಂದ್ರ ಬೇಕು. ಅದರಲ್ಲಿ ನೀರು ಕಡಿಮೆ, ಪಿಷ್ಟ ಜಾಸ್ತಿ. ಬಲಿತ ಕಾಯನ್ನು ಕಡಿದ ದಿನ ಅಥವಾ ಮರುದಿನವೇ ಕರಿಯಿರಿ. ಕೈಗೆ ಎಣ್ಣೆ ಸವರಿಕೊಂಡು, ಸಿಪ್ಪೆಯನ್ನು ಚಾಕುವಿನಲ್ಲಿ ಸೀಳಿ ತೆಗೆಯಿರಿ. ಹಣ್ಣಿನ ಸಿಪ್ಪೆಯ ಹಾಗೆ ಸುಲಭವಾಗಿ ಸುಲಿದು ಬಂದರೆ ಆ ಕಾಯಿ ಬೇಡ. ತಿರುಳು ಬೆಳ್ಳಗೆ ಗಟ್ಟಿಯಾಗಿರಬೇಕು, ಮುರಿದರೆ ಪಟ್ ಅನ್ನಬೇಕು. ಅನುಮಾನ ಇದ್ದರೆ ಮೊದಲು ಎರಡು ಹೋಳು ಕರಿದು ನೋಡಿ. ತೆಂಗಿನೆಣ್ಣೆಯಲ್ಲಿ ತೆಳ್ಳಗೆ ಒಂದೇ ಸಮ ಹೆಚ್ಚಿದ ಹೋಳು ಬಿಟ್ಟು, ಅರ್ಧ ಬೆಂದಾಗ ಅರಿಸಿನ ಕಲಸಿದ ಉಪ್ಪುನೀರನ್ನು ಒಂದು ಚಿಕ್ಕ ಚಮಚದಷ್ಟು ಹಾಕಿ. ಎಣ್ಣೆ ಜೋರಾಗಿ ಉಕ್ಕುತ್ತದೆ, ಬಾಣಲೆ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು. ಮಕ್ಕಳು ಹತ್ತಿರ ಇರುವಾಗಲಂತೂ ಬೇಡವೇ ಬೇಡ. ನೀರೆಲ್ಲ ಹೋಗಿ ಸದ್ದು ಅಡಗಿದಾಗ ತೆಗೆಯಿರಿ.

ಪಲ್ಯಕ್ಕೆ ನಮ್ಮ ಕಾಫಿ ತೋಟದ ಅಂಚಿನ ಬೂದುಬಾಳೆಗೆ ಸಮ ಇಲ್ಲ. ಮೂರು ಏಣಿನ ದಪ್ಪ ಕಾಯಿ, ಬೆಂದರೂ ಹೋಳು ಹೋಳಾಗಿ ನಿಲ್ಲುತ್ತದೆ. ಹೆಚ್ಚಿದ್ದನ್ನು ನೀರು ಮಜ್ಜಿಗೆಗೆ ಹಾಕಿದರೆ ಕಪ್ಪಾಗುವುದು ಕಡಿಮೆ. ಪಚ್ಚಬಾಳೆ ಕಾಯಿಯೂ ಪಲ್ಯಕ್ಕೆ ಆಗುತ್ತದೆ. ಆದರೆ ಬೇಗ ಮೆತ್ತಗಾಗುವುದರಿಂದ ಪಾತ್ರೆಯ ಹತ್ತಿರವೇ ಇರಬೇಕು.

ಇನ್ನು ಹಣ್ಣಿನ ವಿಷಯ. ನೇಂದ್ರ ಹಣ್ಣಾದ ಮೇಲೂ ಸ್ವಲ್ಪ ಪಿಷ್ಟ ಉಳಿಸಿಕೊಳ್ಳುತ್ತದೆ. ಸಿಪ್ಪೆ ಹಳದಿಯಾಗಿ ಕಪ್ಪು ಚುಕ್ಕೆ ಬಿದ್ದಾಗ ಹಬೆಯಲ್ಲಿ ಬೇಯಿಸಿದರೂ ಕರಗಿ ಹೋಗುವುದಿಲ್ಲ, ತುಪ್ಪದಲ್ಲಿ ಹುರಿದರೂ ಸರಿ. ಏಲಕ್ಕಿಬಾಳೆಯನ್ನು ಒಲೆಗೆ ಹಾಕಬೇಡಿ, ಸುಮ್ನೆ ಲೊಳಲೊಳ ಆಗುತ್ತದೆ. ರಸಾಯನಕ್ಕೇ ಅದು ಚೆಂದ.

ಸೊಸೆ ಉಳಿಸಿಟ್ಟ ಪಚ್ಚಬಾಳೆ ಈಗ ಪೂರ್ತಿ ಕಳಿತಿದೆ. ಇವತ್ತು ರಾತ್ರಿ ಎರಡು ಹಣ್ಣು ಕಿವುಚಿ, ಮೈದಾ, ಮೊಸರು, ಜೀರಿಗೆ, ಚಿಟಿಕೆ ಸೋಡಾ ಹಾಕಿ ಕಲಸಿಡುತ್ತೇವೆ. ಬೆಳಿಗ್ಗೆ ಬನ್ಸ್.